ತಂಡದ ಪರಿಚಯಕ್ಕೆ ತಲೆಗೊಂದು ಸಾಲು: ಹುದ್ದೆ, ಪಟ್ಟಿ, ಬಹುಮಾನ, ಇಲ್ಲ ಮಾಡಿದ ಕೆಲಸ?

ಹ್ಯಾಕಥಾನ್ ಅರ್ಜಿಯಲ್ಲಿ ಸಮಸ್ಯೆ, ಪರಿಹಾರ, ಬಳಸುವ ತಂತ್ರಜ್ಞಾನ ಎಲ್ಲ ಬರೆದಾದ ಮೇಲೆ ಕೊನೆಗೆ ಉಳಿಯುವ ಖಾನೆ ತಂಡದ ಪರಿಚಯ. ಗಡುವು ಹತ್ತಿರ ಬಂದಾಗ ಯಾರೋ ಒಬ್ಬರು ಕೂತು ಎಲ್ಲರ ಹೆಸರಿನ ಮುಂದೆ ತೋಚಿದ್ದನ್ನು ತುಂಬುತ್ತಾರೆ. ಸ್ವಲ್ಪ ಯೋಚಿಸುವ ತಂಡಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ: ಇರುವುದು ಒಂದೇ ಸಾಲು, ಹಾಕಲು ಹತ್ತು ವಿಷಯ. ಕೊನೆಗೆ ಕಾಣುವ ದಾರಿಗಳು ಸಾಮಾನ್ಯವಾಗಿ ನಾಲ್ಕು. ‘ಫ್ರಂಟ್‌ಎಂಡ್ ಡೆವಲಪರ್’ ಎಂದು ಹುದ್ದೆ ಬರೆಯುವುದು, ಬರುವ ಭಾಷೆ ಮತ್ತು ಟೂಲ್‌ಗಳ ಪಟ್ಟಿ ಕೊಡುವುದು, ಗೆದ್ದ ಬಹುಮಾನ ಮತ್ತು ಅಂಕ ಹೇಳುವುದು, ಇಲ್ಲವೇ ಈ ಪ್ರಾಜೆಕ್ಟಿಗೆ ಬೇಕಾದ ಯಾವ ಕೆಲಸವನ್ನು ಹಿಂದೆ ಮಾಡಿದ್ದಾರೆ ಎಂದು ಹೇಳುವುದು.

ನನ್ನ ಒಲವು ನಾಲ್ಕನೆಯದರ ಕಡೆಗೆ. ಆದರೆ ಅದು ಎಲ್ಲ ಸುತ್ತಿಗೂ ಎಲ್ಲ ತಂಡಕ್ಕೂ ಹೊಂದುವುದಿಲ್ಲ. ಆದ್ದರಿಂದ ಮೊದಲು ಯಾವುದರಿಂದ ಅಳೆಯಬೇಕು ಎಂದು ನೋಡೋಣ.

ಅಳತೆಗೋಲು

ತೀರ್ಪುಗಾರರ ಕೈಯಲ್ಲಿ ಅಂಕ ಕೊಡುವ ಹಾಳೆ ಇರುತ್ತದೆ. ಅದರಲ್ಲಿ ಹೊಸತನ, ಉಪಯೋಗ, ತಾಂತ್ರಿಕ ಕೆಲಸ ಇಂಥವುಗಳ ಜೊತೆಗೆ ‘ಇದು ಆಗುವ ಮಾತೇ?’ ಎಂಬ ಅಂಶ ಯಾವುದಾದರೂ ರೂಪದಲ್ಲಿ ಇದ್ದೇ ಇರುತ್ತದೆ. ‘ಒಳ್ಳೆಯ ತಂಡ’ ಎಂಬುದಕ್ಕೇ ಪ್ರತ್ಯೇಕ ಅಂಕ ಇರುವುದು ಕಡಿಮೆ. ಹಾಗಾಗಿ ಪರಿಚಯದ ಸಾಲು ಕೆಲಸಕ್ಕೆ ಬರುವುದು ಹೆಚ್ಚಾಗಿ ಆ ‘ಆಗುವ ಮಾತೇ’ ಎಂಬ ಪ್ರಶ್ನೆಗೆ. ಹೇಳಿದ್ದನ್ನು ಈ ಮಂದಿ ಕೊಟ್ಟ ಸಮಯದಲ್ಲಿ ಮಾಡಿ ತೋರಿಸುತ್ತಾರೆಯೇ ಎಂಬ ಅನುಮಾನವನ್ನು ಅದು ತಗ್ಗಿಸಬೇಕು.

ಇದರಿಂದ ಮೂರು ಅಳತೆ ಹುಟ್ಟುತ್ತವೆ. ಒಂದು, ಸಾಲು ಈ ಪ್ರಾಜೆಕ್ಟಿಗೇ ಅಂಟಿಕೊಂಡಿದೆಯೇ? ಅದನ್ನು ಕಿತ್ತು ಪಕ್ಕದ ತಂಡದ ಅರ್ಜಿಗೆ ಹಾಕಿದರೂ ಸರಿಹೋಗುವುದಾದರೆ ಅದು ಇಲ್ಲಿ ಏನೂ ಹೇಳುತ್ತಿಲ್ಲ. ಎರಡು, ಅದರ ಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಆ ಸದಸ್ಯರೇ ಒಂದೆರಡು ನಿಮಿಷ ಮಾತಾಡಬಲ್ಲರೇ, ಏನಾದರೂ ತೋರಿಸಬಲ್ಲರೇ? ಮೂರು, ಎಲ್ಲ ಸಾಲುಗಳನ್ನು ಒಟ್ಟಿಗೆ ಓದಿದಾಗ ಪ್ರಾಜೆಕ್ಟಿನ ಅತಿ ಕಷ್ಟದ ಭಾಗಕ್ಕೆ ಒಬ್ಬರಾದರೂ ಇದ್ದಾರೆ ಎಂದು ಕಾಣುತ್ತದೆಯೇ?

ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಒಬ್ಬೊಬ್ಬರ ಸಾಲೂ ಚೆನ್ನಾಗಿರುತ್ತದೆ. ಆದರೆ ಪ್ರಾಜೆಕ್ಟು ಕೈಕೊಡುವ ಸಾಧ್ಯತೆ ಇರುವ ಜಾಗದ ಬಗ್ಗೆ ಯಾವ ಸಾಲೂ ಮಾತಾಡುವುದಿಲ್ಲ.

ಇದರ ಜೊತೆಗೆ ಉದ್ದದ ಮಿತಿಯೂ ಇದೆ. ಪಿಚ್‌ಗೆ ಮೂರು ನಿಮಿಷ ಕೊಟ್ಟರೆ ತಂಡದ ಪರಿಚಯಕ್ಕೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಖರ್ಚು ಮಾಡುವುದು ದುಬಾರಿ. ನಾಲ್ಕು ಜನರಿದ್ದರೆ ತಲೆಗೆ ಐದು ಸೆಕೆಂಡು, ಅಂದರೆ ಸುಮಾರು ಹತ್ತು ಪದ. ಅರ್ಜಿಯಲ್ಲಿ ಒಂದೆರಡು ಪದ ಹೆಚ್ಚಾದರೂ ನಡೆಯುತ್ತದೆ. ಬಾಯಲ್ಲಿ ಹೇಳುವಾಗ ನಡೆಯುವುದಿಲ್ಲ.

ಒಂದು ತಂಡ ಇಟ್ಟುಕೊಂಡು ನೋಡೋಣ

ದೃಷ್ಟಿದೋಷ ಇರುವವರಿಗಾಗಿ ಒಂದು ಮೊಬೈಲ್ ಆ್ಯಪ್. ಮಾತ್ರೆಯ ಸ್ಟ್ರಿಪ್ ಅನ್ನು ಕ್ಯಾಮೆರಾ ಮುಂದೆ ಹಿಡಿದರೆ ಅದರ ಎಕ್ಸ್‌ಪೈರಿ ದಿನಾಂಕವನ್ನು ಗಟ್ಟಿಯಾಗಿ ಓದಿ ಹೇಳಬೇಕು. ತಂಡದಲ್ಲಿ ನಾಲ್ವರು. ಮೂರನೇ ವರ್ಷದ ಕಂಪ್ಯೂಟರ್ ಸೈನ್ಸ್ ಹುಡುಗಿ ಒಬ್ಬಳು, ಆಂಡ್ರಾಯ್ಡ್ ಆ್ಯಪ್ ಮಾಡಿ ಅಭ್ಯಾಸ ಇರುವ ಹುಡುಗ ಒಬ್ಬ, ಫಾರ್ಮಸಿ ವಿದ್ಯಾರ್ಥಿನಿ ಒಬ್ಬಳು, ಮೊದಲನೇ ವರ್ಷದ ಹುಡುಗ ಒಬ್ಬ. ಈ ಕೊನೆಯವನ ಬಳಿ ತೋರಿಸಲು ಒಂದು ಸಾಲು ಕೋಡ್ ಕೂಡ ಇಲ್ಲ.

ಈ ಪ್ರಾಜೆಕ್ಟಿನ ಕಷ್ಟ ಎಲ್ಲಿದೆ? ದಿನಾಂಕ ಸಿಕ್ಕ ಮೇಲೆ ಅದನ್ನು ಗಟ್ಟಿಯಾಗಿ ಓದಿಸುವುದು ಸುಲಭ, ಫೋನಿನಲ್ಲೇ ಅದಕ್ಕೆ ಸೌಕರ್ಯ ಇದೆ. ಕಷ್ಟ ಇರುವುದು ಸ್ಟ್ರಿಪ್ಪಿನಲ್ಲಿ. ಎಷ್ಟೋ ಸ್ಟ್ರಿಪ್‌ಗಳಲ್ಲಿ ದಿನಾಂಕವನ್ನು ಶಾಯಿಯಲ್ಲಿ ಮುದ್ರಿಸಿರುವುದಿಲ್ಲ, ಹಾಳೆಯ ಅಂಚಿನಲ್ಲಿ ಒತ್ತಿರುತ್ತಾರೆ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸವೇ ಇಲ್ಲ, ಮೇಲಾಗಿ ಹಾಳೆ ಫಳಫಳ ಹೊಳೆಯುತ್ತದೆ. ಮುದ್ರಿತ ಪುಟವನ್ನು ಸಲೀಸಾಗಿ ಓದುವ ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಇಲ್ಲಿ ತಡವರಿಸುತ್ತದೆ. ಎರಡನೇ ಕಷ್ಟ, ಪಕ್ಕಪಕ್ಕದಲ್ಲೇ ತಯಾರಿಕೆಯ ದಿನಾಂಕ ಮತ್ತು ಬ್ಯಾಚ್ ನಂಬರ್ ಇರುತ್ತವೆ. ಅದನ್ನು ಇದು ಎಂದು ಓದಿದರೆ ಆ್ಯಪ್ ಇಲ್ಲದಿರುವುದೇ ವಾಸಿ. ಮೂರನೆಯದು, ಕಣ್ಣು ಕಾಣದವರು ಸ್ಟ್ರಿಪ್ ಅನ್ನು ಕ್ಯಾಮೆರಾಗೆ ಸರಿಯಾಗಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆ.

ತೀರ್ಪುಗಾರರಲ್ಲಿ ಈ ಕ್ಷೇತ್ರ ಬಲ್ಲವರು ಒಬ್ಬರಿದ್ದರೂ ಈ ಮೂರನ್ನೇ ಕೇಳುತ್ತಾರೆ. ಪರಿಚಯದ ಸಾಲುಗಳು ಅವರು ಕೇಳುವ ಮೊದಲೇ ಅರ್ಧ ಉತ್ತರ ಕೊಟ್ಟಿರಬೇಕು.

ಹುದ್ದೆ ಬರೆಯುವುದು

‘ತಂಡದ ನಾಯಕಿ ಮತ್ತು ಎಂಎಲ್ ಎಂಜಿನಿಯರ್’, ‘ಆ್ಯಪ್ ಡೆವಲಪರ್’, ‘ರಿಸರ್ಚ್’, ‘ಯುಐ ಡಿಸೈನರ್’. ಇದು ಬೇಗ ಓದಿಸಿಕೊಳ್ಳುತ್ತದೆ. ಯಾರು ಯಾವ ಕೆಲಸಕ್ಕೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಯಾರ ಕಡೆ ತಿರುಗಬೇಕು ಎಂದು ತೀರ್ಪುಗಾರರಿಗೆ ತಿಳಿಯುತ್ತದೆ, ಅದು ಸಣ್ಣ ಲಾಭವಲ್ಲ.

ತೊಂದರೆ ಏನೆಂದರೆ ಹುದ್ದೆ ಹೇಳುವುದು ಮಾಡಲಿರುವ ಕೆಲಸವನ್ನು, ಮಾಡಬಲ್ಲರೇ ಎಂಬುದನ್ನಲ್ಲ. ‘ಎಂಎಲ್ ಎಂಜಿನಿಯರ್’ ಎಂದು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಾಕಿಕೊಳ್ಳುತ್ತಾರೆ ಕೂಡ. ‘ರಿಸರ್ಚ್’ ಎಂಬುದಂತೂ ‘ಇವರಿಗೆ ಏನು ಕೆಲಸ ಎಂದು ನಮಗೂ ಗೊತ್ತಿಲ್ಲ’ ಎಂದು ಓದಿಸಿಕೊಳ್ಳುತ್ತದೆ. ನಮ್ಮ ಫಾರ್ಮಸಿ ವಿದ್ಯಾರ್ಥಿನಿಗೆ ಆ ಲೇಬಲ್ ಅಂಟಿಸಿದರೆ ತಂಡದ ಅತಿ ದೊಡ್ಡ ಬಲವೇ ಮುಚ್ಚಿಹೋಗುತ್ತದೆ. ಹುದ್ದೆಯನ್ನು ಸಾಲಿನ ಮೊದಲ ಒಂದೆರಡು ಪದವಾಗಿ ಇಟ್ಟುಕೊಳ್ಳಿ, ಇಡೀ ಸಾಲಾಗಿ ಬೇಡ.

ಟೂಲ್‌ಗಳ ಪಟ್ಟಿ

‘ಪೈಥಾನ್, ಓಪನ್‌ಸಿವಿ, ಟೆನ್ಸರ್‌ಫ್ಲೋ, ರಿಯಾಕ್ಟ್, ಮಾಂಗೋಡಿಬಿ’. ಸುಲಭವಾಗಿ ತುಂಬುತ್ತದೆ, ಸುಳ್ಳೂ ಅಲ್ಲ. ತಂಡ ಕಟ್ಟುವ ಹಂತದಲ್ಲಿ, ಅಂದರೆ ‘ನಮಗೆ ಬ್ಯಾಕೆಂಡ್ ಬರುವವರು ಒಬ್ಬರು ಬೇಕು’ ಎಂದು ಹುಡುಕುವಾಗ, ಇದೇ ಸರಿಯಾದ ರೂಪ. ಸ್ಪಾನ್ಸರ್ ತನ್ನ ಎಪಿಐ ಬಳಸಿದವರಿಗೆ ಪ್ರತ್ಯೇಕ ಬಹುಮಾನ ಇಟ್ಟಿದ್ದರೆ ಆ ಎಪಿಐ ಹೆಸರು ಯಾರದಾದರೂ ಸಾಲಿನಲ್ಲಿ ಇರುವುದು ಒಳ್ಳೆಯದು.

ಉಳಿದ ಕಡೆ ಪಟ್ಟಿಯಿಂದ ಪ್ರಯೋಜನ ಕಡಿಮೆ. ಬಳಸಿದ ತಂತ್ರಜ್ಞಾನ ಹೇಳಲು ಅರ್ಜಿಯಲ್ಲಿ ಬೇರೆ ಖಾನೆಯೇ ಇರುತ್ತದೆ, ಅಲ್ಲಿ ಬರೆದದ್ದನ್ನೇ ಇಲ್ಲಿ ಮತ್ತೆ ಬರೆದಂತೆ ಆಗುತ್ತದೆ. ಇನ್ನೊಂದು ಅಪಾಯವೂ ಇದೆ. ಪಟ್ಟಿಯಲ್ಲಿರುವ ಪ್ರತಿ ಹೆಸರೂ ಒಂದು ಪ್ರಶ್ನೆಗೆ ಆಹ್ವಾನ. ಈ ಆ್ಯಪ್‌ಗೆ ಬೇಕಿಲ್ಲದ ಮಾಂಗೋಡಿಬಿ ಯಾಕೆ ಬಂತು ಎಂದು ಕೇಳಿದರೆ ‘ನನಗೆ ಬರುತ್ತೆ ಸರ್, ಅದಕ್ಕೆ ಹಾಕಿದೆ’ ಎನ್ನಬೇಕಾಗುತ್ತದೆ. ಅಷ್ಟರಲ್ಲಿ ಪ್ರಶ್ನೋತ್ತರದ ಅರ್ಧ ನಿಮಿಷ ಹೋಗಿರುತ್ತದೆ. ಐದು ಹೆಸರಿನ ಬದಲು ಒಂದೇ ಹೆಸರು, ಅದರ ಪಕ್ಕ ಅದರಿಂದ ಮಾಡಿದ ಒಂದು ಕೆಲಸ ಇದ್ದರೆ ಸಾಲಿಗೆ ತೂಕ ಬರುತ್ತದೆ.

ಬಹುಮಾನ ಮತ್ತು ಅಂಕ

‘ಮೂರು ಹ್ಯಾಕಥಾನ್ ವಿಜೇತ’, ‘ಸಿಜಿಪಿಎ 9.4’. ನೂರಾರು ಅರ್ಜಿಯಿಂದ ಕೆಲವನ್ನು ಆರಿಸುವ ಮೊದಲ ಸುತ್ತಿನಲ್ಲಿ ಇದಕ್ಕೆ ಸ್ವಲ್ಪ ಬೆಲೆ ಇದೆ, ಇಲ್ಲ ಎನ್ನಲಾರೆ. ಒಂದೇ ಗುಣಮಟ್ಟದ ಎರಡು ಐಡಿಯಾ ಇದ್ದಾಗ ಹಿಂದೆ ಕೆಲಸ ಮುಗಿಸಿ ತೋರಿಸಿದವರ ಕಡೆಗೆ ಮನಸ್ಸು ವಾಲುವುದು ಸಹಜ. ಅದರಲ್ಲೂ ಬಹುಮಾನ ಬಂದದ್ದು ಇದೇ ಬಗೆಯ ಕೆಲಸಕ್ಕಾದರೆ, ಉದಾಹರಣೆಗೆ ಚಿತ್ರದಿಂದ ಅಕ್ಷರ ತೆಗೆಯುವ ಪ್ರಾಜೆಕ್ಟಿಗಾದರೆ, ಅದನ್ನು ಬಿಡಬಾರದು.

ಆದರೆ ಬಹುಮಾನ ಇಡೀ ತಂಡಕ್ಕೆ ಬಂದಿರುತ್ತದೆ. ಅದರಲ್ಲಿ ಇವರ ಪಾಲು ಏನಿತ್ತು ಎಂಬುದು ಆ ಸಾಲಿನಿಂದ ಗೊತ್ತಾಗುವುದಿಲ್ಲ. ಅಂಕಪಟ್ಟಿ ಕೂಡ ಹಾಗೆಯೇ, 9.4 ಬಂದವರಿಗೆ ಹೊಳೆಯುವ ಹಾಳೆಯ ಮೇಲಿನ ಅಕ್ಷರ ಓದಿಸಲು ಬರುತ್ತದೆ ಎಂದೇನೂ ಅಲ್ಲ. ಇದಕ್ಕಿಂತ ಕೆಟ್ಟ ಪರಿಣಾಮ ತಂಡದ ಒಳಗೆ ಕಾಣುತ್ತದೆ: ಇಬ್ಬರ ಮುಂದೆ ಪದಕಗಳು, ಇನ್ನಿಬ್ಬರ ಮುಂದೆ ಖಾಲಿ. ಓದುವವರಿಗೆ ಅದು ಇಬ್ಬರ ತಂಡ ಎಂದೇ ಕಾಣುತ್ತದೆ.

ಮಾಡಿದ ಕೆಲಸ, ಈ ಪ್ರಾಜೆಕ್ಟಿಗೆ ಜೋಡಿಸಿ

ಇದರ ಅಚ್ಚು ಸರಳ: ಇಲ್ಲಿ ಯಾವ ಭಾಗ ನೋಡಿಕೊಳ್ಳುತ್ತಾರೆ, ಅದಕ್ಕೆ ಹತ್ತಿರದ ಏನನ್ನು ಮೊದಲೇ ಮಾಡಿದ್ದಾರೆ. ನಮ್ಮ ತಂಡಕ್ಕೆ ಹೀಗೆ ಬರುತ್ತದೆ.

ಕಂಪ್ಯೂಟರ್ ಸೈನ್ಸ್ ಹುಡುಗಿ ಮೊದಲು ಬರೆದದ್ದು ‘ಎಂಎಲ್ ಮತ್ತು ಕಂಪ್ಯೂಟರ್ ವಿಷನ್‌ನಲ್ಲಿ ಆಸಕ್ತಿ’. ಆಸಕ್ತಿ ಬಲವಲ್ಲ. ಕೆದಕಿ ಕೇಳಿದರೆ ಅವಳು ಕಳೆದ ಸೆಮಿಸ್ಟರಿನಲ್ಲಿ ಮಾಸಿದ ಅಂಗಡಿ ಬಿಲ್‌ಗಳ ಫೋಟೋದಿಂದ ಮೊತ್ತ ಓದಿಸುವ ಮಿನಿ ಪ್ರಾಜೆಕ್ಟ್ ಮಾಡಿದ್ದಾಳೆ. ಹಾಗಿದ್ದರೆ ಸಾಲು: ‘ದಿನಾಂಕ ಓದಿಸುವುದು, ಮಾಸಿದ ಬಿಲ್‌ಗಳಿಂದ ಮೊತ್ತ ಓದುವ ಪ್ರೋಗ್ರಾಂ ಓಪನ್‌ಸಿವಿಯಲ್ಲಿ ಬರೆದಿದ್ದಾಳೆ.’ ಇದನ್ನು ಓದಿದವರು ‘ಬಿಲ್ಲಿನಲ್ಲಿ ಶಾಯಿ ಇರುತ್ತೆ, ಒತ್ತಿದ ಅಕ್ಷರಕ್ಕೆ ಏನು ಮಾಡ್ತೀಯಮ್ಮ?’ ಎಂದು ಕೇಳಿಯೇ ಕೇಳುತ್ತಾರೆ. ಅದು ಬೇಕಾದ ಪ್ರಶ್ನೆಯೇ. ಬೆಳಕನ್ನು ಓರೆಯಾಗಿ ಬೀಳಿಸಿದರೆ ಒತ್ತಿದ ಅಕ್ಷರದ ಅಂಚಿಗೆ ನೆರಳು ಬರುತ್ತದೆ, ಆ ನೆರಳನ್ನೇ ಓದಿಸಬಹುದು ಎಂದು ಅವಳು ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರೆ ‘ಆಗುವ ಮಾತೇ’ ಎಂಬ ಅನುಮಾನ ಅಲ್ಲೇ ಅರ್ಧಕ್ಕಿಳಿಯುತ್ತದೆ.

ಆಂಡ್ರಾಯ್ಡ್ ಹುಡುಗನದು: ‘ಆ್ಯಪ್, ಲೈಬ್ರರಿ ಪುಸ್ತಕದ ಗಡುವು ನೆನಪಿಸುವ ಆ್ಯಪ್ ಮಾಡಿದ್ದಾನೆ, ಸಹಪಾಠಿಗಳು ಬಳಸುತ್ತಿದ್ದಾರೆ.’ ಇಲ್ಲಿ ಕೊನೆಯ ಭಾಗವೇ ಮುಖ್ಯ. ಬೇರೆಯವರು ಬಳಸಿದ ಆ್ಯಪ್ ಎಂದರೆ ಬೇರೆ ಬೇರೆ ಫೋನಿನಲ್ಲಿ ಕೆಟ್ಟು, ಬೈಸಿಕೊಂಡು, ರಿಪೇರಿ ಆಗಿರುವ ಆ್ಯಪ್.

ಫಾರ್ಮಸಿ ವಿದ್ಯಾರ್ಥಿನಿಯದು ಬರೆಯಲು ಎಲ್ಲಕ್ಕಿಂತ ಸುಲಭ, ಆದರೆ ಅವಳಿಗೇ ತನ್ನ ಬಲ ಕಾಣುವುದಿಲ್ಲ. ‘ನಂಗೆ ಕೋಡಿಂಗ್ ಬರಲ್ಲ, ಡಾಕ್ಯುಮೆಂಟೇಷನ್ ಅಂತ ಹಾಕಿ’ ಎನ್ನುತ್ತಾಳೆ. ಅವಳು ದಿನವೂ ನೋಡುವ ಲೇಬಲ್‌ಗಳಲ್ಲಿ ತಿಂಗಳು ಒಮ್ಮೆ ಅಂಕಿಯಲ್ಲಿ, ಒಮ್ಮೆ ಮೂರಕ್ಷರದಲ್ಲಿ ಇರುತ್ತದೆ. ತಿಂಗಳು ಮತ್ತು ವರ್ಷ ಮಾತ್ರ ಕೊಟ್ಟಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಔಷಧ ಬಳಸಬಹುದು ಎಂಬುದು ಅವಳಿಗೆ ಗೊತ್ತು. ಕೋಡ್ ಬರೆಯುವವರಿಗೆ ಅದು ಗೊತ್ತಿಲ್ಲದಿದ್ದರೆ ಆ್ಯಪ್ ಒಂದನೇ ತಾರೀಖಿಗೇ ‘ಅವಧಿ ಮುಗಿದಿದೆ’ ಎಂದು ಕೂಗಿಬಿಡುತ್ತದೆ. ಸಾಲು: ‘ಲೇಬಲ್ ನಿಯಮಗಳು, ಬ್ಯಾಚ್, ತಯಾರಿಕೆ, ಎಕ್ಸ್‌ಪೈರಿ ಅದಲುಬದಲಾಗದಂತೆ ಮಾದರಿಗಳನ್ನು ವಿಂಗಡಿಸುತ್ತಾಳೆ, ಫಾರ್ಮಸಿ ಓದುತ್ತಿದ್ದಾಳೆ.’ ಕೋಡ್ ಬಾರದ ಸದಸ್ಯರನ್ನು ಡಾಕ್ಯುಮೆಂಟೇಷನ್‌ಗೆ ತಳ್ಳುವ ಅಭ್ಯಾಸ ನೋಡಿ ನೋಡಿ ಸಾಕಾಗಿದೆ. ಎಷ್ಟೋ ಸಲ ಸಮಸ್ಯೆ ಗೊತ್ತಿರುವವರು ತಂಡದಲ್ಲಿ ಅವರೊಬ್ಬರೇ ಆಗಿರುತ್ತಾರೆ.

ಇನ್ನು ಮೊದಲ ವರ್ಷದವನು. ಹಿಂದೆ ಮಾಡಿದ ಕೆಲಸ ಇಲ್ಲದವನಿಗೆ ಈ ಅಚ್ಚು ಹೊಂದುವುದು ಹೇಗೆ? ಇಲ್ಲಿ ಎರಡು ದಾರಿ ಇವೆ. ಕ್ಷೇತ್ರದ ಒಡನಾಟ ಏನಾದರೂ ಇದ್ದರೆ ಅದನ್ನು ಹಾಕಬಹುದು. ಅವನು ದೃಷ್ಟಿದೋಷ ಇರುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಕೆಲಸ ಮಾಡಿದ್ದರೆ ಅದು ಈ ಪ್ರಾಜೆಕ್ಟಿಗೆ ಯಾವ ಪದಕಕ್ಕೂ ಕಡಿಮೆಯಲ್ಲ: ‘ಬಳಕೆದಾರರ ಪರೀಕ್ಷೆ; ದೃಷ್ಟಿದೋಷದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಟ್ಟಿದ್ದಾನೆ, ಅವರೊಂದಿಗೇ ಆ್ಯಪ್ ಪರೀಕ್ಷಿಸುತ್ತಾನೆ.’ ಅಂಥದ್ದು ಇಲ್ಲದಿದ್ದರೆ ಸುಮ್ಮನೆ ‘ಬೇಗ ಕಲಿಯುವವನು’ ಎಂದು ಬರೆಯಬೇಡಿ. ಅದರ ಬದಲು ಅರ್ಜಿ ಹಾಕುವ ಮೊದಲಿನ ವಾರದಲ್ಲಿ ಒಂದು ಸಣ್ಣ ಕೆಲಸ ಮಾಡಿಸಿ. ಬೇರೆ ಬೇರೆ ಸ್ಟ್ರಿಪ್‌ಗಳ ಐವತ್ತು ಫೋಟೋ ತೆಗೆದು, ಯಾವುದರಲ್ಲಿ ದಿನಾಂಕ ಶಾಯಿಯಲ್ಲಿದೆ, ಯಾವುದರಲ್ಲಿ ಒತ್ತಿದೆ, ಸರಿಯಾದ ದಿನಾಂಕ ಏನು ಎಂದು ಒಂದು ಶೀಟಿನಲ್ಲಿ ತುಂಬಿದರೆ ಸಾಕು. ‘ಪರೀಕ್ಷಾ ಮಾದರಿ, ಐವತ್ತು ಸ್ಟ್ರಿಪ್‌ಗಳ ಫೋಟೋ ಮತ್ತು ಸರಿ ಉತ್ತರ ಸಂಗ್ರಹಿಸಿದ್ದಾನೆ’ ಎಂಬ ಸಾಲು ನಿಜವೂ ಹೌದು, ತೋರಿಸಲೂ ಬರುತ್ತದೆ. ಪ್ರೋಗ್ರಾಂ ಎಷ್ಟು ಸರಿ ಓದುತ್ತಿದೆ ಎಂದು ಅಳೆಯಲು ತಂಡಕ್ಕೆ ಆ ಶೀಟು ಹೇಗೂ ಬೇಕು.

ಈ ರೂಪಕ್ಕೂ ಬೆಲೆ ತೆರಬೇಕು. ಬರೆಯಲು ಹೊತ್ತು ಹಿಡಿಯುತ್ತದೆ, ಪ್ರತಿ ಹ್ಯಾಕಥಾನ್‌ಗೂ ಹೊಸದಾಗಿ ಬರೆಯಬೇಕಾಗುತ್ತದೆ. ಐಡಿಯಾ ಇನ್ನೂ ಗಟ್ಟಿಯಾಗದ ತಂಡ ಇದನ್ನು ಬರೆಯಲು ಹೋದರೆ ಬರುವುದೇ ಇಲ್ಲ, ಯಾಕೆಂದರೆ ಯಾವ ಭಾಗ ಯಾರದು ಎಂದು ತೀರ್ಮಾನ ಆಗಿರುವುದಿಲ್ಲ.

ಹಿಂದಿನ ಕೆಲಸ ಹೇಳುವಾಗ ಎಚ್ಚರ

ಬಹುತೇಕ ಹ್ಯಾಕಥಾನ್‌ಗಳಲ್ಲಿ ಪ್ರಾಜೆಕ್ಟಿನ ಕೋಡ್ ಸ್ಪರ್ಧೆಯ ಅವಧಿಯಲ್ಲೇ ಬರೆದದ್ದಾಗಿರಬೇಕು ಎಂಬ ನಿಯಮ ಇರುತ್ತದೆ. ಮುಕ್ತ ಲೈಬ್ರರಿಗಳನ್ನು ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ‘ಸ್ಟ್ರಿಪ್ ಓದುವ ಪ್ರೋಗ್ರಾಂ ಈಗಾಗಲೇ ಮಾಡಿದ್ದಾಳೆ’ ಎಂದು ಬರೆದರೆ ಹೊಗಳಲು ಹೋಗಿ ನಿಯಮ ಮುರಿದೆವು ಎಂದು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಹಿಂದಿನ ಕೆಲಸ ಇದೇ ಆಗಿರಬಾರದು, ಇದಕ್ಕೆ ಹತ್ತಿರದ್ದಾಗಿರಬೇಕು. ಬಿಲ್ಲು ಓದಿಸಿದ್ದು ಸರಿ, ಸ್ಟ್ರಿಪ್ ಓದಿಸಿದ್ದು ಅನುಮಾನ. ನಿಜವಾಗಿಯೂ ಹಳೆಯ ಕೋಡ್ ಇದ್ದರೆ, ನಿಯಮ ಅದಕ್ಕೆ ಅವಕಾಶ ಕೊಟ್ಟಿದ್ದರೆ, ಅದನ್ನು ಪರಿಚಯದ ಸಾಲಿನಲ್ಲಿ ಅಲ್ಲ, ಪ್ರಾಜೆಕ್ಟ್ ವಿವರಣೆಯಲ್ಲಿ ನೇರವಾಗಿ ಹೇಳಿ. ಮಾದರಿ ಫೋಟೋಗಳನ್ನು ಮೊದಲೇ ಸಂಗ್ರಹಿಸಬಹುದೇ ಎಂಬುದನ್ನೂ ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಕೆಲವೆಡೆ ಡೇಟಾಗೆ ಅಡ್ಡಿ ಇರುವುದಿಲ್ಲ, ಕೋಡ್‌ಗೆ ಮಾತ್ರ ಇರುತ್ತದೆ.

ಯಾರಿಗೆ ಯಾವುದು

ಬರಹದ ಮೇಲೆಯೇ ಆಯ್ಕೆ ಆಗುವ ಮೊದಲ ಸುತ್ತಿಗೆ ‘ಮಾಡಿದ ಕೆಲಸ’ದ ಸಾಲೇ ಸರಿ. ಅಲ್ಲಿ ತೋರಿಸಲು ಇನ್ನೂ ಏನೂ ಇಲ್ಲ, ನಂಬಿಕೆ ಬರಬೇಕಾದದ್ದು ಜನರಿಂದಲೇ. ಇದೇ ಬಗೆಯ ಕೆಲಸಕ್ಕೆ ಬಂದ ಬಹುಮಾನ ಇದ್ದರೆ ಅದನ್ನೂ ಸಾಲಿನ ಕೊನೆಗೆ ಸೇರಿಸಬಹುದು.

ಅಂತಿಮ ಸುತ್ತಿನಲ್ಲಿ ಡೆಮೊ ಇರುತ್ತದೆ. ಕೆಲಸ ಮಾಡುವ ಆ್ಯಪ್ ಕಣ್ಣೆದುರು ಇರುವಾಗ ಯಾರು ಏನು ಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲಿ ಹುದ್ದೆಗೆ ಹತ್ತಿರದ ಚಿಕ್ಕ ರೂಪ ಸಾಕು: ‘ಇವಳು ದಿನಾಂಕ ಓದಿಸಿದಳು, ಇವನು ಆ್ಯಪ್ ಕಟ್ಟಿದ.’ ಪರಿಚಯದ ಸ್ಲೈಡನ್ನು ಮೊದಲಿಗೆ ಇಡುವ ಬದಲು ಡೆಮೊ ಆದಮೇಲೆ ಇಡಿ. ಮೊದಲ ಇಪ್ಪತ್ತು ಸೆಕೆಂಡು ಸಮಸ್ಯೆಗೆ ಸಿಗುತ್ತದೆ, ಪರಿಚಯದ ಸ್ಲೈಡು ಪ್ರಶ್ನೋತ್ತರದ ಹೊತ್ತಿಗೆ ಪರದೆಯ ಮೇಲೇ ಇರುತ್ತದೆ.

ನಾಲ್ವರೂ ಒಂದೇ ತರಗತಿಯವರು, ಎಲ್ಲರಿಗೂ ವೆಬ್ ಡೆವಲಪ್‌ಮೆಂಟ್ ಮಾತ್ರ ಬರುತ್ತದೆ ಎಂದರೆ ಹುದ್ದೆಯೂ ಪಟ್ಟಿಯೂ ನಿಮ್ಮನ್ನು ಹಿಂಡಿಬಿಡುತ್ತವೆ, ನಾಲ್ಕು ಸಾಲೂ ಒಂದೇ ಥರ ಕಾಣುತ್ತವೆ. ಆಗ ಪ್ರಾಜೆಕ್ಟನ್ನು ಮೊದಲು ತುಂಡು ಮಾಡಿ. ಲಾಗಿನ್, ನಕ್ಷೆ, ನೆಟ್‌ವರ್ಕ್ ಇಲ್ಲದಾಗಿನ ಕೆಲಸ, ಪರೀಕ್ಷೆ ಎಂದು ಬೇರ್ಪಡಿಸಿ, ಪ್ರತಿಯೊಬ್ಬರೂ ಯಾವ ತುಂಡಿಗೆ ಹತ್ತಿರದ್ದನ್ನು ಮಾಡಿದ್ದಾರೆ ಎಂದು ಹುಡುಕಿ. ಯಾವುದಾದರೂ ಒಂದು ತುಂಡಿಗೆ ಯಾರೂ ಸಿಗದಿದ್ದರೆ, ವಿಶೇಷವಾಗಿ ಆ ತುಂಡೇ ಕಷ್ಟದ್ದಾಗಿದ್ದರೆ, ಸಾಲನ್ನು ತಿದ್ದಿ ಪ್ರಯೋಜನವಿಲ್ಲ. ಒಬ್ಬ ಸದಸ್ಯರನ್ನು ಬದಲಿಸಿ, ಇಲ್ಲವೇ ಆ ಭಾಗವನ್ನೇ ಪ್ರಾಜೆಕ್ಟಿನಿಂದ ತೆಗೆಯಿರಿ.

ಕೆಲವು ಸ್ಪರ್ಧೆಗಳಲ್ಲಿ ಹೆಸರು, ಕಾಲೇಜು ಮುಚ್ಚಿ ಮೌಲ್ಯಮಾಪನ ಮಾಡುತ್ತಾರೆ. ಅಲ್ಲಿ ಬಹುಮಾನದ ಸಾಲು ಅಪಾಯ, ಸ್ಪರ್ಧೆಯ ಹೆಸರು ಹೇಳಿದರೆ ತಂಡ ಯಾವುದೆಂದು ಗೊತ್ತಾಗಿಬಿಡಬಹುದು. ‘ಸದಸ್ಯ 1’ ಎಂದು ಹಾಕಿ ಮಾಡಿದ ಕೆಲಸ ಮಾತ್ರ ಬರೆಯಿರಿ.

ಸಾಲಿಗೂ ಕೋಡಿಗೂ ತಾಳೆ

ಸಲ್ಲಿಕೆಯ ಜೊತೆ ಗಿಟ್‌ಹಬ್ ಕೊಂಡಿ ಕೊಡಬೇಕಾದಲ್ಲಿ ಕೆಲವು ತೀರ್ಪುಗಾರರು ಕಮಿಟ್‌ಗಳನ್ನೂ ನೋಡುತ್ತಾರೆ. ನಿಮ್ಮ ರೆಪೊದಲ್ಲಿ ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಇದೆ ಎಂದು ಹೀಗೆ ನೋಡಬಹುದು:

```
git shortlog -sn HEAD
```

ದಿನಾಂಕ ಓದಿಸುವ ಭಾಗ ಅವಳದು ಎಂದು ಪರಿಚಯದಲ್ಲಿ ಇದೆ, ಆದರೆ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ ಎಂದರೆ ಉತ್ತರ ಕೊಡುವುದು ಕಷ್ಟ. ಹೆಚ್ಚಾಗಿ ಇದರಲ್ಲಿ ಮೋಸ ಏನೂ ಇರುವುದಿಲ್ಲ, ಇಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಬರೆದಿರುತ್ತಾರೆ, ಕಮಿಟ್ ಮಾತ್ರ ಲ್ಯಾಪ್‌ಟಾಪಿನ ಯಜಮಾನನ ಹೆಸರಿಗೆ ಹೋಗಿರುತ್ತದೆ. ಕಮಿಟ್ ಸಂದೇಶದ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟು ಇದನ್ನು ಸೇರಿಸಿದರೆ ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತದೆ:

```
Co-authored-by: NAME <EMAIL>
```

ಇಮೇಲ್ ಆ ಸದಸ್ಯರ ಗಿಟ್‌ಹಬ್ ಖಾತೆಗೆ ಸೇರಿಸಿದ್ದೇ ಆಗಿರಬೇಕು. ಮೇಲಿನ `shortlog` ಮಾತ್ರ ಹೀಗೆ ಸೇರಿಸಿದ ಹೆಸರನ್ನು ಎಣಿಸುವುದಿಲ್ಲ, ಆದ್ದರಿಂದ ಕಷ್ಟದ ಭಾಗದ ಒಂದೆರಡು ಕಮಿಟ್‌ಗಳನ್ನಾದರೂ ಅದರ ಹೊಣೆ ಹೊತ್ತವರೇ ತಮ್ಮ ಖಾತೆಯಿಂದ ಮಾಡುವುದು ಲೇಸು. ಫಾರ್ಮಸಿ ವಿದ್ಯಾರ್ಥಿನಿಯ ಲೇಬಲ್ ವಿಂಗಡಣೆ, ಮೊದಲ ವರ್ಷದವನ ಫೋಟೋ ಶೀಟು ಇವನ್ನೂ ರೆಪೊದೊಳಗೆ ಒಂದು ಫೋಲ್ಡರಿನಲ್ಲಿ ಹಾಕಿಸಿ. ಕೋಡ್ ಬರೆಯದವರ ಸಾಲಿಗೂ ತೋರಿಸಲು ಒಂದು ಫೈಲ್ ಸಿಕ್ಕಂತಾಗುತ್ತದೆ.

ಸಲ್ಲಿಸುವ ಮುನ್ನ ಹೆಸರುಗಳನ್ನು ಮುಚ್ಚಿ ನಾಲ್ಕು ಸಾಲನ್ನು ಪ್ರಾಜೆಕ್ಟು ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಓದಲು ಕೊಡಿ. ಅದರಿಂದಲೇ ಪ್ರಾಜೆಕ್ಟು ಏನಿರಬಹುದು ಎಂದು ಅವರು ಹತ್ತಿರಹತ್ತಿರ ಊಹಿಸಿದರೆ ಹಾಗೇ ಕಳಿಸಿ. ‘ಏನೋ ಆ್ಯಪ್ ಇರಬೇಕು’ ಎಂದಷ್ಟೇ ಹೇಳಿದರೆ ಯಾವ ಸಾಲು ಎಲ್ಲಿಗೂ ಹೊಂದುವಂತಿದೆ ಎಂದು ನೋಡಿ, ಅದೊಂದನ್ನು ಮತ್ತೆ ಬರೆಯಿರಿ.